ಕಸೂತಿ ಮೊದಲ ಪಾಠ: ಗವಂತಿ ಹೊಲಿಗೆ (ವಿಡಿಯೊ ಸ್ಕ್ರಿಪ್ಟ್)

ಚಿತ್ರೀಕರಣಕ್ಕೆ ಮುಂಚೆ

ಎರಡು ಮೊಬೈಲ್ ಸಾಕು. ಒಂದು ಸ್ಟ್ಯಾಂಡಿಗೆ ಕಟ್ಟಿ ನೇರ ಮೇಲಿನಿಂದ. ಇನ್ನೊಂದು ಎಡಗಡೆಯಿಂದ, ಬಟ್ಟೆಯ ಮಟ್ಟಕ್ಕೆ ತೀರಾ ಹತ್ತಿರ. ಬಟ್ಟೆ ಬಿಗಿದ ರಿಂಗಿನ ಎರಡು ಅಂಚನ್ನು ಎರಡು ಸ್ಟೀಲ್ ಡಬ್ಬಿಯ ಮೇಲೆ ಕೂರಿಸಿ, ನಡುವೆ ಕೆಳಗೆ ಒಂದು ಕನ್ನಡಿ ಮಲಗಿಸಿ. ಬಟ್ಟೆಯ ಹಿಂಬದಿಯಲ್ಲಿ ಏನಾಗುತ್ತಿದೆ ಅಂತ ಈ ಕನ್ನಡಿಯಲ್ಲಿ ಕಾಣಬೇಕು. ಅದು ಕಾಣದಿದ್ದರೆ ಈ ವಿಡಿಯೊ ಮಾಡುವುದೇ ಬೇಡ.

ಕಿಟಕಿ ಎಡಕ್ಕಿರಲಿ. ಟ್ಯೂಬ್‌ಲೈಟ್ ಆರಿಸಿ, ನೆರಳು ಎರಡೆರಡು ಬೀಳುತ್ತದೆ. ಬಳೆ ತೆಗೆಯಬೇಕು, ಮೈಕಿಗೆ ಅದರ ಸದ್ದೇ ಜಾಸ್ತಿ ಬರುತ್ತದೆ. ಸ್ಲೋ ಮೋಷನ್ ಬೇಡ. ಕೈಯೇ ನಿಧಾನವಾಗಲಿ. ಪ್ರತಿ ಚಲನೆ ಮೂರು ಸಲ: ಮೊದಲು ಮಾಮೂಲಿ ವೇಗದಲ್ಲಿ ಮೇಲಿನಿಂದ, ಆಮೇಲೆ ನಿಧಾನವಾಗಿ ಪಕ್ಕದಿಂದ, ಮೂರನೇ ಸಲ ಇನ್ನೂ ನಿಧಾನವಾಗಿ ಕನ್ನಡಿಯಲ್ಲಿ.

ದೃಶ್ಯ 1. ಪರಿಚಯ

*ಕ್ಯಾಮೆರಾ: ಮೇಲಿನಿಂದ. ಮೇಜಿನ ಮೇಲೆ ಕಸೂತಿ ಮಾಡಿದ ಇಳಕಲ್ ಸೀರೆಯ ಸೆರಗು. ಕ್ಯಾಮೆರಾ ನಿಧಾನ ಗೋಪುರದ ಚಿತ್ರದ ಕಡೆಗೆ. ಕೈ ಬಂದು ಸೆರಗನ್ನು ಮಗುಚುತ್ತದೆ.*

ಮಾತು: ನಮಸ್ಕಾರ. ಇದು ಇಳಕಲ್ ಸೀರೆಯ ಸೆರಗು. ಇದರ ಮೇಲಿನ ಗೋಪುರ ನೋಡಿ. ಈಗ ಮಗುಚುತ್ತೇನೆ. ಹಿಂದೆಯೂ ಅದೇ ಗೋಪುರ, ಅದೇ ಗೆರೆ. ಒಂದು ಗಂಟೂ ಇಲ್ಲ, ಅಡ್ಡಾದಿಡ್ಡಿ ಎಳೆದ ನೂಲೂ ಇಲ್ಲ. ಇದು ನಮ್ಮ ಧಾರವಾಡ ಕಡೆಯ ಕಸೂತಿ. ಇದರಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಇವತ್ತು ಗವಂತಿ ಮಾತ್ರ.

ಗವಂತಿ ಅನ್ನುವ ಹೆಸರು ‘ಗಂಟು’ವಿನಿಂದ ಬಂತು ಅಂತ ಹೇಳುತ್ತಾರೆ. ಆದರೆ ಇದರಲ್ಲಿ ಗಂಟು ಹಾಕುವಂತೆಯೇ ಇಲ್ಲ! ನಾನು ಕಲಿಯುವಾಗ ಸುಮ್ನೆ ಒಂದು ಗಂಟು ಹಾಕಿ ಶುರು ಮಾಡಿದ್ದೆ. ದೊಡ್ಡವ್ವ ಮುಂದಿನ ಕಡೆ ನೋಡಲೇ ಇಲ್ಲ. ‘ಮುಂದಿಂದು ಬ್ಯಾಡ, ಹಿಂದಿಂದು ತೋರ್ಸು’ ಅಂದಳು. ತೋರಿಸಿದೆ. ಪೂರ್ತಿ ಬಿಚ್ಚಿಸಿದಳು.

ದೃಶ್ಯ 2. ಸಾಮಾನು

*ಕ್ಯಾಮೆರಾ: ಮೇಲಿನಿಂದ, ಸ್ಥಿರ. ಒಂದೊಂದೇ ವಸ್ತುವನ್ನು ಕೈ ಇಡುತ್ತದೆ.*

ಮಾತು: ಒಂದು ಗೇಣು ಮ್ಯಾಟಿ ಬಟ್ಟೆ, ಬಿಳಿಯದು. ಸೀರೆಯ ಮೇಲೆ ಎಳೆ ಎಣಿಸಿ ಹೊಲಿಯುತ್ತಾರೆ, ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಕಲಿಯುವವರಿಗೆ ಮ್ಯಾಟಿಯೇ ಸುಲಭ, ತೂತು ಕಣ್ಣಿಗೆ ಕಾಣುತ್ತದೆ. ಒಂದು ರಿಂಗ್. ಮೊಂಡು ತುದಿಯ ಸೂಜಿ ಎರಡು. ಕೆಂಪು ನೂಲಿನ ಲಡಿ, ಹಳದಿ ನೂಲಿನ ಲಡಿ. ಕತ್ತರಿ.

*ಕ್ಯಾಮೆರಾ: ಹತ್ತಿರ, ಪಕ್ಕದಿಂದ. ಬೆರಳುಗಳ ನಡುವೆ ಲಡಿಯ ನೂಲು.*

ಮಾತು: ನೂಲು ಒಂದು ಮೊಳ ಸಾಕು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಉದ್ದ ಇದ್ದರೆ ಮತ್ತೆ ಮತ್ತೆ ಪೋಣಿಸುವ ಕೆಲಸ ಉಳಿಯುತ್ತದೆ ಅಂತ ಆಸೆಯಾಗುತ್ತದೆ ಅಲ್ವಾ? ಬೇಡ. ಸಿಕ್ಕಾಗುತ್ತದೆ, ಬಟ್ಟೆಗೆ ಉಜ್ಜಿ ಉಜ್ಜಿ ಹೊಳಪೂ ಹೋಗುತ್ತದೆ.

ಈ ನೂಲಿನಲ್ಲಿ ಆರು ಎಳೆ ಇದೆ. ನಮಗೆ ಎರಡು ಬೇಕು. ಎರಡನ್ನೂ ಒಟ್ಟಿಗೆ ಎಳೆಯಬೇಡಿ. ಒಂದು ಎಳೆ ಹಿಡಿದು ನೇರ ಮೇಲಕ್ಕೆ. *(ನಿಧಾನವಾಗಿ, ಇನ್ನೊಮ್ಮೆ.)* ಉಳಿದ ಐದು ಎಳೆ ಕೆಳಗೆ ಸುರುಳಿಯಾಗಿ ನಿಲ್ಲುತ್ತವೆ, ನೋಡಿ. ಅವನ್ನು ಸವರಿ ನೇರ ಮಾಡಿ. ಈಗ ಎರಡನೆಯದು. ಎರಡನ್ನೂ ಜೋಡಿಸಿ ಸೂಜಿಗೆ ಪೋಣಿಸಿ. ತುದಿಯಲ್ಲಿ ಗಂಟು ಹಾಕಬೇಡಿ.

ದೃಶ್ಯ 3. ಎಣಿಕೆ

*ಕ್ಯಾಮೆರಾ: ಮೇಲಿನಿಂದ, ಬಟ್ಟೆ ಪೂರ್ತಿ ಪರದೆ ತುಂಬುವಷ್ಟು ಹತ್ತಿರ. ಸೂಜಿಯ ತುದಿಯಿಂದ ತೋರಿಸುವುದು.*

ಮಾತು: ಎರಡು ತೂತಿನ ನಡುವಿನ ಜಾಗಕ್ಕೆ ನಾನು ‘ಮನೆ’ ಅನ್ನುತ್ತೇನೆ. ಚೌಕಾಬಾರದ ಮನೆ ಇದ್ದ ಹಾಗೆ. ಎರಡು ಮನೆಗೆ ಒಂದು ಹೊಲಿಗೆ. ಇಲ್ಲಿಂದ ಒಂದು, ಎರಡು. ಇದು ಒಂದು ಹೊಲಿಗೆಯ ಉದ್ದ. *(ಸೂಜಿ ಮೊದಲ ತೂತಿಗೆ ಹಿಂತಿರುಗಿ, ಇನ್ನೂ ನಿಧಾನ.)* ಒಂದು. ಎರಡು. ನಮ್ಮ ಸಾಲಿನಲ್ಲಿ ಇಂಥವು ಏಳು.

ದೃಶ್ಯ 4. ಹೋಗುವ ದಾರಿ

*ಕ್ಯಾಮೆರಾ: ಮೇಲಿನಿಂದ. ಎಡಗೈ ರಿಂಗಿನ ಮೇಲೆ, ಬಲಗೈ ಕೆಳಗೆ.*

ಮಾತು: ಕೆಂಪು ನೂಲು. ಕೆಳಗಿನಿಂದ ಸೂಜಿ ಮೇಲಕ್ಕೆ. ಎಳೆಯಿರಿ. ಹಿಂದೆ ನಾಲ್ಕು ಬೆರಳಗಲ ಬಾಲ ಬಿಡಿ, ಬೆರಳಿನಿಂದ ಒತ್ತಿ ಹಿಡಿಯಿರಿ. ಅದನ್ನು ಕೊನೆಗೆ ಮುಚ್ಚುತ್ತೇವೆ.

ಈಗ ಎರಡು ಮನೆ ಮುಂದೆ, ಕೆಳಕ್ಕೆ. ಇದು ಮೊದಲ ಹೊಲಿಗೆ. ಎರಡು ಮನೆ ಖಾಲಿ ಬಿಟ್ಟು ಮೇಲಕ್ಕೆ. ಮತ್ತೆ ಎರಡು ಮನೆ, ಕೆಳಕ್ಕೆ.

*ಕ್ಯಾಮೆರಾ: ಪಕ್ಕದಿಂದ. ಇದೇ ಚಲನೆ, ಮುಂದಿನ ಹೊಲಿಗೆಯಲ್ಲಿ, ಅರ್ಧ ವೇಗದಲ್ಲಿ. ಸೂಜಿ ಬಟ್ಟೆಗೆ ಪೂರ್ತಿ ನೆಟ್ಟಗೆ ನಿಂತಿರಬೇಕು. ಆ ಹೊತ್ತಿಗೆ ಒಂದು ಕ್ಷಣ ಕೈ ತಡೆಯಿರಿ.*

ಮಾತು: ಸೂಜಿ ವಾಲಬಾರದು. ನೆಟ್ಟಗೆ ಏಳಬೇಕು... ನೆಟ್ಟಗೆ ಇಳಿಯಬೇಕು. ನೂಲು ಎಳೆಯುವಾಗ ಬಟ್ಟೆಯ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಇನ್ನೂ ಎಳೆದರೆ ತೂತು ದೊಡ್ಡದಾಗುತ್ತದೆ. *(ಒಂದು ಹೊಲಿಗೆ ಬೇಕೆಂದೇ ಬಿಗಿ ಎಳೆದು ತೋರಿಸಿ, ಸಡಿಲಿಸಿ.)* ಹೀಗೆ ಸುಕ್ಕು ಬಂದರೆ ಜಾಸ್ತಿ ಎಳೆದಿದ್ದೀರಿ ಅಂತ.

*ಕ್ಯಾಮೆರಾ: ಕನ್ನಡಿ. ಕೊನೆಯ ಕೆಂಪು ಹೊಲಿಗೆ, ಅತಿ ನಿಧಾನ.*

ಮಾತು: ಕನ್ನಡಿಯಲ್ಲಿ ನೋಡಿ. ಮೇಲೆ ಖಾಲಿ ಇರುವಲ್ಲಿ ಕೆಳಗೆ ಹೊಲಿಗೆ ಇದೆ. ಮೇಲೆ ಹೊಲಿಗೆ ಇರುವಲ್ಲಿ ಕೆಳಗೆ ಖಾಲಿ. ಸೂಜಿ ಕೆಳಕ್ಕೆ ಬಂತು. ಮುಗಿಯಿತು. ಮುಂದೆ ನಾಲ್ಕು ಕೆಂಪು, ಹಿಂದೆ ಮೂರು.

ದೃಶ್ಯ 5. ಬರುವ ದಾರಿ

*ಕ್ಯಾಮೆರಾ: ಮೇಲಿನಿಂದ, ಇನ್ನೂ ಹತ್ತಿರ. ಪರದೆಯಲ್ಲಿ ಕೊನೆಯ ಮೂರು ಹೊಲಿಗೆ ಮಾತ್ರ ಕಾಣಲಿ. ಈ ದೃಶ್ಯಕ್ಕೆ ಅವಸರ ಬೇಡ, ಪಾಠ ಇರುವುದೇ ಇಲ್ಲಿ.*

ಮಾತು: ಇಲ್ಲಿಯವರೆಗೆ ಯಾರು ಬೇಕಾದರೂ ಹೊಲಿಯುತ್ತಾರೆ, ಬರೀ ಟಾಕು ಹಾಕಿದ ಹಾಗೆ. ಗವಂತಿ ಆಗುವುದು ವಾಪಸ್ ಬರುವಾಗ. ನಿಮಗೆ ಕಾಣಲಿ ಅಂತ ಬರುವ ದಾರಿಗೆ ಹಳದಿ ನೂಲು ತೆಗೆದುಕೊಂಡಿದ್ದೇನೆ. ನಿಜವಾದ ಕೆಲಸದಲ್ಲಿ ಒಂದೇ ನೂಲು ತಿರುಗಿ ಬರುತ್ತದೆ.

ಹಳದಿಯ ಬಾಲವನ್ನು ಕೊನೆಯ ಕೆಂಪು ಹೊಲಿಗೆಯ ಹಿಂದೆ ಮಲಗಿಸಿ. ಸೂಜಿ ಆ ಹೊಲಿಗೆ ಶುರುವಾದ ತೂತಿನಲ್ಲಿ ಮೇಲಕ್ಕೆ ಬರಬೇಕು. ಆ ತೂತಿನಲ್ಲಿ ಆಗಲೇ ಕೆಂಪು ನೂಲಿದೆ. ಎಲ್ಲರೂ ಎಡವುವುದು ಇಲ್ಲೇ.

*ಕ್ಯಾಮೆರಾ: ಪಕ್ಕದಿಂದ, ಸೂಜಿಯ ತುದಿ ತೂತಿನಲ್ಲಿ ಇಣುಕುವಷ್ಟು ಹತ್ತಿರ. ಫೋಕಸ್ ತೂತಿನ ಮೇಲೆ ಬೀಗ ಹಾಕಿ.*

ಮಾತು: ಮೇಲಕ್ಕೆ ಏಳುವಾಗ ಕೆಂಪು ನೂಲಿನ ಆಚೆ ಬದಿಯಿಂದ. ನನ್ನಿಂದ ದೂರದ ಬದಿ. *(ತಡೆಯಿರಿ.)* ಕೆಂಪು ನೂಲನ್ನು ಚುಚ್ಚಬಾರದು, ಸರಿಸಿ ಬರಬೇಕು. ಮೊಂಡು ಸೂಜಿ ಅದಕ್ಕೇ.

ಈಗ ಖಾಲಿ ಇರುವ ಎರಡು ಮನೆ ದಾಟಿ, ಮುಂದಿನ ಕೆಂಪು ಹೊಲಿಗೆ ಮುಗಿದ ತೂತು. ಇಳಿಯುವಾಗ ಕೆಂಪು ನೂಲಿನ ಈಚೆ ಬದಿಯಿಂದ. ನನ್ನ ಕಡೆಯ ಬದಿ.

ಏಳುವಾಗ ಆಚೆ. ಇಳಿಯುವಾಗ ಈಚೆ.

*(ಮುಂದಿನ ಹೊಲಿಗೆಯಲ್ಲಿ ಮತ್ತೆ, ಅರ್ಧ ವೇಗ. ಮಾತು ಕೈಯ ಹಿಂದೆ ಹೋಗಲಿ, ಮುಂದೆ ಓಡಬಾರದು.)*

ಏಳುವಾಗ... ಆಚೆ. ನೂಲು ಎಳೆಯಿರಿ. ಇಳಿಯುವಾಗ... ಈಚೆ. ನೂಲು ಬಟ್ಟೆಗೆ ಒರಗಿತು.

ಯಾವುದಾದರೂ ಒಂದು ಕ್ರಮ ಇಟ್ಟುಕೊಳ್ಳಿ, ಆದರೆ ಸಾಲಿನ ಮಧ್ಯೆ ಬದಲಿಸಬೇಡಿ. ಬದಲಿಸಿದರೆ ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ. ಇಗೋ, ಇದು ನನ್ನ ಹಳೆಯ ಬಟ್ಟೆ. *(ಕ್ಯಾಮೆರಾ: ಮೇಲಿನಿಂದ, ಹಳೆಯ ತುಂಡಿನ ವಕ್ರ ಸಾಲಿನ ಮೇಲೆ ಎರಡು ಕ್ಷಣ.)* ಈ ಸಾಲು ಹೊಲಿಯುವಾಗ ಯಾರೋ ಬಾಗಿಲು ತಟ್ಟಿದ್ದರು. ಎದ್ದು ಹೋಗಿ ಬಂದವಳು ಕ್ರಮ ಮರೆತಿದ್ದೆ.

*ಕ್ಯಾಮೆರಾ: ಕನ್ನಡಿ. ಮೂರನೇ ಹಳದಿ ಹೊಲಿಗೆ, ಅತಿ ನಿಧಾನ. ಮಾತು ಬೇಡ, ನೂಲು ಬಟ್ಟೆಯಲ್ಲಿ ಹಾಯುವ ಸದ್ದು ಮಾತ್ರ.*

*ಕೊನೆಯಲ್ಲಿ ಸೂಜಿ ಮೊಟ್ಟಮೊದಲ ಕೆಂಪು ತೂತಿನಲ್ಲಿ ಮೇಲಕ್ಕೆ ಬರುತ್ತದೆ. ಅಲ್ಲಿ ನಿಲ್ಲಿಸಿ.*

ಮಾತು: ಎಣಿಸಿ. ಮುಂದೆ ನಾಲ್ಕು ಕೆಂಪು, ಮೂರು ಹಳದಿ. ಕನ್ನಡಿಯಲ್ಲಿ ಮೂರು ಕೆಂಪು, ಮಲಗಿಸಿದ ಬಾಲವೂ ಸೇರಿ ನಾಲ್ಕು ಹಳದಿ. ಎರಡೂ ಕಡೆ ಏಳೇ.

ದೃಶ್ಯ 6. ಒಂದೇ ನೂಲಿನಲ್ಲಿ

*ಕ್ಯಾಮೆರಾ: ಮೇಲಿನಿಂದ. ಹೊಸ ಸಾಲು, ಮೊದಲ ಸಾಲಿನ ಕೆಳಗೆ. ಹೋಗುವ ದಾರಿಯನ್ನು ಎಡಿಟಿಂಗ್‌ನಲ್ಲಿ ವೇಗವಾಗಿ ಓಡಿಸಿ.*

ಮಾತು: ಈಗ ಬರೀ ಕೆಂಪು. ಏಳನೇ ಹೊಲಿಗೆಯಲ್ಲಿ ಸೂಜಿ ಕೆಳಕ್ಕೆ ಹೋಯಿತು. *(ಇಲ್ಲಿಂದ ಮಾಮೂಲಿ ವೇಗ.)* ಒಂದು ಹೊಲಿಗೆ ಹಿಂದಕ್ಕೆ, ಅದು ಶುರುವಾದ ತೂತಿನಲ್ಲೇ ಮೇಲಕ್ಕೆ. ತಿರುವು ಅಂದರೆ ಇಷ್ಟೇ. *(ಪಕ್ಕದಿಂದ, ಈ ತಿರುವು ಮಾತ್ರ ಎರಡು ಸಲ ನಿಧಾನ.)* ಆಮೇಲೆ ಗೊತ್ತಲ್ಲ, ಏಳುವಾಗ ಆಚೆ, ಇಳಿಯುವಾಗ ಈಚೆ.

ದೃಶ್ಯ 7. ನೂಲು ಮುಗಿಸುವುದು

*ಕ್ಯಾಮೆರಾ: ಮೇಲಿನಿಂದ, ಆಮೇಲೆ ರಿಂಗ್ ಮಗುಚಿ, ಹಿಂಬದಿ ಹತ್ತಿರದಿಂದ.*

ಮಾತು: ಸೂಜಿ ಶುರುವಿನ ತೂತಿಗೆ ವಾಪಸ್ ಬಂದಿದೆ. ಮೊದಲ ಹೊಲಿಗೆಯ ಮೇಲೆಯೇ ಇನ್ನೊಂದು ಸಲ ಹೊಲಿದು ಕೆಳಕ್ಕೆ ಹೋಗಿ. ಆ ಒಂದು ಹೊಲಿಗೆ ಚೂರು ದಪ್ಪ ಕಾಣುತ್ತದೆ, ಪರವಾಗಿಲ್ಲ.

ಈಗ ಮಗುಚಿ. ಹಿಂದಿನ ಹೊಲಿಗೆಯ ಅಡಿಯಿಂದ ಸೂಜಿ ತೂರಿಸಿ, ಬಟ್ಟೆ ಹಿಡಿಯದ ಹಾಗೆ. ಸುತ್ತಿ ಬಂದು ಮುಂದಿನ ಹೊಲಿಗೆಯ ಅಡಿಯಿಂದ. *(ನಿಧಾನ, ಎರಡನೇ ಸಲ. ಸೂಜಿ ನೂಲಿನ ಅಡಿಯಲ್ಲಿದ್ದಾಗ ತಡೆಯಿರಿ, ಬಟ್ಟೆಗೆ ತಾಗಿಲ್ಲ ಅಂತ ಕಾಣಲಿ.)* ಹೀಗೆ ನಾಲ್ಕು ಹೊಲಿಗೆಗೆ ಸುತ್ತಿದರೆ ಸಾಕು, ಬಿಚ್ಚುವುದಿಲ್ಲ. ಶುರುವಿನಲ್ಲಿ ಬಿಟ್ಟ ಬಾಲವನ್ನೂ ಸೂಜಿಗೆ ಪೋಣಿಸಿ ಹೀಗೇ ಸುತ್ತಿ.

ಬಟ್ಟೆಗೆ ತೀರಾ ತಾಗಿಸಿ ಕತ್ತರಿಸಬೇಡಿ. ಒಂದು ಅಕ್ಕಿಕಾಳಿನಷ್ಟು ಉಳಿಯಲಿ.

*ಕ್ಯಾಮೆರಾ: ಹತ್ತಿರ, ಪಕ್ಕದಿಂದ. ಕತ್ತರಿಯ ಸದ್ದು ಕೇಳಿಸಲಿ.*

ದೃಶ್ಯ 8. ಕೊನೆ

*ಕ್ಯಾಮೆರಾ: ಮೇಲಿನಿಂದ. ರಿಂಗ್ ಬಿಚ್ಚಿ, ಬಟ್ಟೆ ಮೇಜಿನ ಮೇಲೆ.*

ಮಾತು: ಇಂಥ ಸಾಲು ಹತ್ತು ಹೊಲಿಯಿರಿ. ಐದು ಅಡ್ಡ, ಐದು ಉದ್ದ. ಉದ್ದ ಹೊಲಿಯುವಾಗ ಆಚೆ–ಈಚೆ ಬದಲು ಎಡ–ಬಲ ಅಂತ ಹೇಳಿಕೊಳ್ಳಿ. ಮುಂದಿನ ವಿಡಿಯೊದಲ್ಲಿ ಇದೇ ಹೊಲಿಗೆ ಮೆಟ್ಟಿಲು ಹತ್ತುತ್ತದೆ. ಅದು ಮುರ್ಗಿ. ಗೋಪುರಕ್ಕೆ ಅದು ಬೇಕು.

ಫೋಟೊ ಕಳಿಸುವವರು ಹಿಂಬದಿಯದನ್ನೇ ಕಳಿಸಿ.

*ಕೈ ಬಟ್ಟೆಯನ್ನು ಒಮ್ಮೆ ಮಗುಚುತ್ತದೆ. ಇನ್ನೊಮ್ಮೆ, ನಿಧಾನವಾಗಿ. ಅಲ್ಲಿಗೆ ಕಟ್.*