ವಿಷಯ: ಬಿಟ್ಟುಕೊಟ್ಟ ಲಾಕರಿಗೆ ಮೂರನೇ ಸಲ ಬಾಡಿಗೆ ಕಡಿತ; ₹4,956 ವಾಪಸ್ ಜಮಾ ಮಾಡುವ ಬಗ್ಗೆ (ಉಳಿತಾಯ ಖಾತೆ, ಕೊನೆಯ ಅಂಕಿ 4417)

ಶಾಖಾ ವ್ಯವಸ್ಥಾಪಕರಿಗೆ,
ಗೋಣಿಕೊಪ್ಪಲು ಶಾಖೆ

ದಿನಾಂಕ: 9-2-2026

ಮಾನ್ಯರೇ,

ನಿಮ್ಮ ಶಾಖೆಯಲ್ಲಿದ್ದ ನನ್ನ ಲಾಕರ್ ಸಂಖ್ಯೆ 38ನ್ನು 20-3-2023ರಂದು ಬಿಟ್ಟುಕೊಟ್ಟಿದ್ದೇನೆ. ಜೋಮಾಲೆ, ಪತ್ತಾಕ್ ಎಲ್ಲವನ್ನೂ ಹೆಣ್ಣುಮಕ್ಕಳಿಗೆ ಹಂಚಿ ಆಗಿತ್ತು, ಇಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ಅಂದು ನಿಮ್ಮ ಸಿಬ್ಬಂದಿ ಖಾಲಿ ಪೆಟ್ಟಿಗೆಯನ್ನು ಹೊರಗೆಳೆದು ನೋಡಿ, ಕೀಲಿಕೈ ತೆಗೆದುಕೊಂಡು, ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಶಾಖೆಯ ಮೊಹರು ಬಿದ್ದ ಸ್ವೀಕೃತಿ ನನ್ನ ಬಳಿ ಇದೆ.

ಆದರೂ 9-1-2024ರಂದು ಲಾಕರ್ ಬಾಡಿಗೆ ₹2,000, ಜಿಎಸ್‌ಟಿ ₹360, ಒಟ್ಟು ₹2,360 ಕಡಿತವಾಯಿತು. ಬಂದು ಹೇಳಿದೆ, 26-2-2024ರಂದು ವಾಪಸ್ ಜಮಾ ಮಾಡಿದಿರಿ. ಅಲ್ಲಿಗೆ ಮುಗಿಯಿತೆಂದುಕೊಂಡೆ. 9-1-2025ರಂದು ಅದೇ ಮೊತ್ತ ಮತ್ತೆ ಹೋಯಿತು. 17-1-2025ರಂದು ಲಿಖಿತ ದೂರು ಕೊಟ್ಟೆ. "ಸಿಸ್ಟಮ್ ತಾನಾಗಿ ತಗೊಂಡಿದೆ ಅಮ್ಮ, ಸರಿ ಮಾಡ್ತೀವಿ" ಎಂದರು. ಆ ಲಾಕರನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿದೆ ಎಂದು ತಿಳಿಸಿದ್ದೂ ಅವರೇ. ಅಂದರೆ ಒಂದೇ ಪೆಟ್ಟಿಗೆಗೆ ಇಬ್ಬರಿಂದ ಬಾಡಿಗೆ. ಆ ಹಣ ಇವತ್ತಿನವರೆಗೂ ಬಂದಿಲ್ಲ.

ಈ ವರ್ಷ 9-1-2026, ಶುಕ್ರವಾರ, ಮತ್ತೆ ₹2,360 ಹೋಯಿತು. ಕಾಫಿ ಕುಯ್ಲಿನ ಸಮಯ, ಶನಿವಾರ ಆಳುಗಳಿಗೆ ಬಟವಾಡೆ. ಎಟಿಎಂನಲ್ಲಿ ಲೆಕ್ಕ ಹಾಕಿಟ್ಟಿದ್ದ ಹಣ ಸಿಗಲಿಲ್ಲ. ಎರಡನೇ ಶನಿವಾರವಾದ್ದರಿಂದ ಶಾಖೆಯೂ ಮುಚ್ಚಿತ್ತು. ಪಕ್ಕದ ತೋಟದವರ ಹತ್ತಿರ ಕೈಸಾಲ ಕೇಳಿ ಕೂಲಿ ಕೊಡಬೇಕಾಯಿತು. ಸಾಲದ್ದಕ್ಕೆ, 31-1-2026ರಂದು ಕನಿಷ್ಠ ಮೊತ್ತ ಉಳಿಸಿಲ್ಲವೆಂದು ₹236 ದಂಡವನ್ನೂ ಹಾಕಿದ್ದೀರಿ. ಕಡಿತ ನೀವು ಮಾಡಿರದಿದ್ದರೆ ಆ ಕೊರತೆಯೇ ಬರುತ್ತಿರಲಿಲ್ಲ.

2025 ಮತ್ತು 2026ರ ಬಾಡಿಗೆ, ಈ ದಂಡ ಸೇರಿ ₹4,956 ನನ್ನ ಇದೇ ಖಾತೆಗೆ 25-2-2026ರೊಳಗೆ ಜಮಾ ಆಗಬೇಕು. ಹಣ ಮಾತ್ರ ಕೊಟ್ಟರೆ ಸಾಲದು. 2024ರಲ್ಲಿ ಹಾಗೆ ಮಾಡಿಯೇ ಇಲ್ಲಿಗೆ ಬಂದಿದ್ದೇವೆ. ಲಾಕರ್ 38ಕ್ಕೆ ನನ್ನ ಖಾತೆಯಿಂದ ಬಾಡಿಗೆ ಕಡಿಯುವ ಸೂಚನೆಯನ್ನು ಸಿಸ್ಟಮ್‌ನಿಂದ ತೆಗೆದುಹಾಕಿ, ಯಾವ ದಿನಾಂಕದಂದು ತೆಗೆದಿರಿ ಎಂದು ಬರಹದಲ್ಲಿ ತಿಳಿಸಿ. ಮುಂಗಡ ಬಾಡಿಗೆ ಕಟ್ಟಿದ ವರ್ಷದ ನಡುವೆ ಲಾಕರ್ ಬಿಟ್ಟರೆ ಉಳಿದ ಅವಧಿಯ ಪಾಲು ಹಿಂದಿರುಗಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. 2023ರ ಆ ಪಾಲನ್ನು ನಾನು ಕೇಳಿರಲಿಲ್ಲ. ಅದನ್ನೂ ಲೆಕ್ಕ ಹಾಕಿ ತಿಳಿಸಿ.

ಈ ದೂರಿನ ನೋಂದಣಿ ಸಂಖ್ಯೆಯನ್ನು ಕಳುಹಿಸಿಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಇದೇ ದಾಖಲೆಗಳೊಂದಿಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸುತ್ತೇನೆ.

ಲಗತ್ತು: ಲಾಕರ್ ಬಿಟ್ಟ ಸ್ವೀಕೃತಿ, 17-1-2025ರ ದೂರಿನ ಮೊಹರು ಹಾಕಿದ ಪ್ರತಿ, ಮೂರೂ ವರ್ಷದ ಕಡಿತ ಮತ್ತು 2024ರ ಮರುಜಮಾ ತೋರಿಸುವ ಪಾಸ್‌ಬುಕ್ ಪುಟಗಳು (ಆ ಸಾಲುಗಳಿಗೆ ಕೆಂಪು ಗೆರೆ ಎಳೆದಿದ್ದೇನೆ).

ಇಂತಿ,
ಮುತ್ತಮ್ಮ
ಬಾಳೆಲೆ, ದಕ್ಷಿಣ ಕೊಡಗು