ಬೀಗರನ್ನ ಜರಿಯೋ ಸೋಬಾನೆ: ತಿಪಟೂರು ಸೀಮೆ ಬೀಗರಿಗೆ

ಹೆಣ್ಣು ಗುಬ್ಬಿ ತಾಲ್ಲೂಕು ಚೇಳೂರು ಕಡೆಯವಳು, ಗಂಡು ತಿಪಟೂರು ಕಡೆಯವನು. ನಮ್ಮದು ಹಲಸು, ಅವರದು ಕೊಬ್ಬರಿ. ಪದವೆಲ್ಲ ಈ ಎರಡರ ಮೇಲೇ ಓಡುತ್ತದೆ. ಹೇಳಿಕೊಡೋರು 2 ಜನ, ಎತ್ತಿಕೊಳ್ಳೋರು ಕಡಿಮೆ ಅಂದರೂ 6 ಜನ ಬೇಕು. ಮೊದಲ ಸಾಲು ಹೇಳಿಕೊಡೋರದು, ಅದನ್ನೇ ಮಿಕ್ಕವರು ಇನ್ನೊಂದು ಸಲ ಹೇಳಬೇಕು. ಎರಡನೇ ಸಾಲಿನಲ್ಲಿ ಗೆರೆ ಇರೋ ಕಡೆ ಉಸಿರು ತಗೊಂಡು, ಗೆರೆ ಮುಂದಿನ ಮಾತನ್ನ ಎರಡು ಸಲ ಎಳೆದು ಹೇಳಿ, ಆಮೇಲೆ ಮೂರನೇ ಸಾಲು. ನಗು ಇರೋದೇ ಮೂರನೇ ಸಾಲಲ್ಲಿ. ಅದು ಮುಗಿಯೋ ಮೊದಲೇ ಹಿಂದಿನವರು ‘ಸೋ’ ಎತ್ತಿಬಿಟ್ಟರೆ ಬೀಗರ ಕಿವಿಗೆ ಏನೂ ಬೀಳೋದಿಲ್ಲ. ಒಂದು ಚಿಟಿಕೆ ಹೊಡೆಯೋಷ್ಟು ಹೊತ್ತು ಬಿಟ್ಟು ಎತ್ತಿ.

ಸೊಲ್ಲು

ಸೋ ಎನ್ನಿರವ್ವ ಸೋಬಾನ ಎನ್ನಿರೇ
ಕಲ್ಪತರು ನಾಡ ಬೀಗಾರು ಬಂದವ್ರೆ
ಸೋಬಾನ ಎನ್ನಿ ನಗುನಗುತ

ದಿಬ್ಬಣ ಎದುರುಗೊಳ್ಳುವಾಗ

ಕಳಸಗಿತ್ತಿ ಮುಂದೆ, ಆರತಿ ತಟ್ಟೆಯವರು ಅವಳ ಹಿಂದೆ, ಹಾಡೋರು ಚಪ್ಪರದ ಬಲಗಡೆ ಕಂಬದ ಹತ್ತಿರ. ಓಲಗ ನಿಂತ ಮೇಲೆ ಶುರು ಮಾಡಿ.

ತೆಂಗಿನ ತೋಟಾದ ಬೀಗಾರು ಬಂದವ್ರೆ
ಹಂಗಿಲ್ಲದಂಗೆ ನಿಂತವ್ರೆ | ಚಪ್ಪರದಾಗೆ
ತೆಂಗಿನ ಮರದಂಗೆ ಬಗ್ಗೋಲ್ಲ || ಸೋ ||

ಹೊತ್ತಾರೆ ಬತ್ತೀವಿ ಅಂತಂದ ಬೀಗಾರು
ಹೊತ್ತೇರಿ ಬಂದು ಇಳಿದವ್ರೆ | ನಿಟ್ಟೂರಲ್ಲಿ
ಹತ್ತಾರು ವಡೆಯ ಮುಗಿಸವ್ರೆ || ಸೋ ||

ಕಾಲೀಗೆ ನೀರ್ಕೊಟ್ವಿ ಬೆಲ್ಲದ ಪಾನ್ಕ ಕೊಟ್ವಿ
ಸಾಲಾದು ಅಂತ ಕುಂತವ್ಳೆ | ಬೀಗಿತ್ತಿ
ಹಾಲ್ಕೊಟ್ರು ಕೆನೆಯ ಕೇಳ್ತಾಳೆ || ಸೋ ||

ಬೀಗರು ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ ಎರಡನೇ ಪದ ಬಿಟ್ಟುಬಿಡಿ. ಇಲ್ಲದ್ದನ್ನ ಹೇಳಿ ಜರಿದರೆ ಅದು ಜರಿಯೋದಲ್ಲ, ಬರೀ ಬೈಗುಳ.

ತಟ್ಟೆ ಇಳಿಸುವಾಗ

ಗಂಡಿನ ಕಡೆಯವರು ತಟ್ಟೆಗಳನ್ನ ಚಾಪೆ ಮೇಲೆ ಸಾಲಾಗಿ ಇಟ್ಟು ಮುಗಿಸಲಿ. ಅಕ್ಕಿ, ಅಚ್ಚು ಬೆಲ್ಲ, 5 ಗಿಟುಕು ಕೊಬ್ಬರಿ, ಎಲೆ ಅಡಿಕೆ, ಸೀರೆ, ರವಿಕೆ ಕಣ, ಹೂವು ಎಲ್ಲ ಕಣ್ಣಿಗೆ ಬಿದ್ದ ಮೇಲೆ ಹೇಳಿ. ಹೇಳಿಕೊಡೋರಲ್ಲಿ ಒಬ್ಬರು ಬಗ್ಗಿ ಒಂದೊಂದು ತಟ್ಟೆ ಮುಟ್ಟಿ ತೋರಿಸುತ್ತ ಹೇಳಿದರೆ ಪದಕ್ಕೆ ಜೀವ ಬರುತ್ತದೆ. ಸೀರೆ ತಟ್ಟೆ ಮಾತ್ರ ಮುಟ್ಟಬೇಡಿ, ಅದು ಹೆಣ್ಣಿನ ಕೈಗೇ ಹೋಗಬೇಕು.

ತಟ್ಟೆ ಮ್ಯಾಲ್ ತಟ್ಟೇಯ ಹೊತ್ಕಂಡು ಬಂದವ್ರೆ
ಮುಟ್ಟಿ ನೋಡಿದರೆ ಹಗುರವ್ವ | ಒಳಗೇನು
ಕಟ್ಟೀದ ಬಣ್ಣ ಕಾಗದ || ಸೋ ||

ಅಟ್ಟಾದ ತುಂಬೆಲ್ಲ ಕೊಬ್ಬಾರಿ ಐತಂತೆ
ತಟ್ಟೇಗೆ ಐದೇ ಗಿಟುಕಂತೆ | ಅದರಾಗೆ
ಕೆಟ್ಟವು ಎರಡು ಸೇರವ್ವ || ಸೋ ||

ನೂರೆಲೆ ಕಟ್ಟೀಗೆ ತೊಂಬತ್ತೆ ಎಲೆಯವ್ವ
ದಾರ್ಯಾಗೆ ಹತ್ತು ಮೆಲ್ದವ್ರೆ | ಬೀಗಪ್ಪ
ತೋರುತ್ತ ನಿಂತ ಕೆಂಪ್ ಬಾಯಿ || ಸೋ ||

ಹಸೆ ಮೇಲೆ ಕೂರಿಸಿದಾಗ

ಧಾರೆ, ಮಾಂಗಲ್ಯದ ಹೊತ್ತಿಗೆ ಜರಿಯೋ ಪದ ಬೇಡ, ಬರೀ ಸೊಲ್ಲು ಹೇಳಿ. ಗಟ್ಟಿಮೇಳದ ಸದ್ದಲ್ಲಿ ಹೇಳಿದರೂ ಕೇಳಿಸದು. ಅದಾದ ಮೇಲೆ ಅಕ್ಷತೆ ಹಾಕೋರ ಸಾಲು ಇಳಿದು ಬೀಗರು ಹಸೆ ಸುತ್ತ ಕೂತಾಗ ಇವು. ಗಂಡಿನ ಚಿಕ್ಕಪ್ಪ ಹೋದ ವರ್ಷ ತೀರಿಕೊಂಡಿದ್ದಾರೆ, ಅದಕ್ಕೇ ಚಿಕ್ಕಪ್ಪ ಚಿಕ್ಕಮ್ಮನ ಮೇಲೆ ಪದ ಇಲ್ಲ. ಉಮೇದಿನಲ್ಲಿ ಯಾರೂ ಕಟ್ಟಿ ಸೇರಿಸಬೇಡಿ. ಬಣ್ಣ, ಕುಂಟು, ಮಕ್ಕಳಿಲ್ಲದ್ದು, ಸಾಲ, ಇವು ಯಾವತ್ತೂ ಬಾಯಿಗೆ ಬರಬಾರದು.

ಹನ್ನೊಂದು ತಿಂಗಾಳು ಅಟ್ಟಾದಿ ಒಣಗೀದ
ಚೆನ್ನಾದ ಕಾಯಿ ಬೀಗಪ್ಪ | ಅಲುಗ್ಸೀರೆ
ನಿನ್ನಾಣೆ ಒಳಗೆ ಲೊಟಲೊಟ || ಸೋ ||

ಈ ಪದ ಅವರಿಗೆ ತಟ್ಟುತ್ತದೆ. ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಕೂತರೆ ನೀರು ಹಿಂಗಿ ಉಂಡೆ ಕೊಬ್ಬರಿಯಾಗಿ ಚಿಪ್ಪಿನೊಳಗೆ ಅಲುಗುತ್ತದೆ, ತಿಪಟೂರಿನವರು ಆ ಸದ್ದು ಕೇಳಿಯೇ ಕಾಯಿ ಆಗಿದೆ ಅಂತ ಹೇಳುತ್ತಾರೆ. ‘ಲೊಟಲೊಟ’ ಅನ್ನುವಾಗ ಕೈಯಲ್ಲಿ ಒಂದು ಒಣಗಾಯಿ ಅಲುಗಿಸಿ. ನೀರು ತುಂಬಿದ ಕಾಯಿ ಹಿಡಿದರೆ ಬೇರೆ ಸದ್ದು ಬರುತ್ತದೆ, ಮೊದಲೇ ನೋಡಿಟ್ಟುಕೊಳ್ಳಿ.

ಜರಿಸೀರೆ ಉಟ್ಟೀದ ಬೀಗಿತ್ತಿ ನೋಡೀರೆ
ನೆರಿಗೇಯ ಹಿಡಿದು ನಡೆದವ್ಳೆ | ಸೆರಗೀನ
ದರದಾ ಚೀಟೀಯ ಕೀಳದೆ || ಸೋ ||

ಮೀಸೇಯ ತಿರುವೀದ ಹಿರಿಬೀಗ ಕುಂತವ್ನೆ
ಕಾಸೀನ ಮಾತು ಬಂದಾಗ | ಎದ್ದೋಗಿ
ಬೀಸಣಿಗೆ ಹಿಡಿದು ನಿಂತವ್ನೆ || ಸೋ ||

ಕನ್ನಡಿ ಕಂಡಲ್ಲಿ ನಿಲ್ಲೋಳು ನಾದೂನಿ
ಮುನ್ನೂರು ಫೋಟೊ ತೆಗೆಸವ್ಳೆ | ಮದುವ್ಯಾಗೆ
ಹೆಣ್ಯಾರೊ ಜನಕೆ ತಿಳಿದಿಲ್ಲ || ಸೋ ||

ಬಾಗೀಲ ತಡೆಯೋಕೆ ನಾದೂನಿ ಕಾದವ್ಳೆ
ಬೇಗಾನೆ ಬಿಟ್ರೆ ಸೈ ಕಣೆ | ಇಲ್ದಿದ್ರೆ
ಬೀಗಾವ ನಾವೇ ಹಾಕ್ತೀವಿ || ಸೋ ||

ಬಾಸಿಂಗ ಕಟ್ಟೀಸಿ ಹಸೆಮ್ಯಾಲೆ ಕೂರ್ಸೀರೆ
ಲೇಸಾಗಿ ಕಣ್ಣು ಮುಚ್ಚವ್ನೆ | ನಮ್ಮಳಿಯ
ಹಾಸೀಗೆ ಎಂದು ತಿಳಿದವ್ನೆ || ಸೋ ||

ಮರ ಹತ್ತಿ ಎಳನೀರು ಕೀಳ್ತೀನಿ ಅಂದೋನು
ಸರಸರ ಎರಡು ಮೊಳವೇರಿ | ನಮ್ಮಳಿಯ
ಕರೆದಾನೆ ಅವ್ವನ ಇಳ್ಸೆಂದು || ಸೋ ||

ಹಲಸೀನ ತೊಳೆಯಂಗೆ ನಮ್ ಕೂಸು ಬಂಗಾರ
ಬೆಲೆ ಕಟ್ಟೋಕಾಗ್ದು ಬೀಗಾರೆ | ಬಿಡಿಸೋಕೆ
ಕಲಿಬೇಕು ಎಣ್ಣೆ ಹಚ್ಚೋದ || ಸೋ ||

ಇಷ್ಟು ಹೊತ್ತಿಗೆ ಗಂಡಿನ ಕಡೆ ಹೆಂಗಸರು ಸುಮ್ಮನೆ ಕೂತಿರೋಲ್ಲ. ಅವರು ಎತ್ತಿದರೆ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ, ಅವರ ‘ಸೋ’ಗೆ ನಾವೂ ದನಿ ಸೇರಿಸಬೇಕು. ಹಲಸು ಕಂಡ ಮೇಲೆ ಅವರು ಹಿಡಿಯೋದು ಮೇಣವನ್ನೇ:

ಚೇಳೂರ ಹಲಸೀನ ಮೇಣಾವು ಬಾಯೀಗೆ
ತಾಳೀ ಮಾತಾಡಿ ಬೀಗಿತ್ತೀರೆ | ಅಂಟೀರೆ
ನಾಳೇಗೂ ತುಟಿಯು ಬಿಡದಂತೆ || ಸೋ ||

ನಮ್ಮ ಕಡೆಯಿಂದ ತಿರುಗಿ ಹೇಳೋದು ಇದು. ತಡ ಮಾಡಿದರೆ ಸೋತಂಗೆ:

ಮೇಣಾವು ಅಂಟೀರೆ ಬಿಡಿಸೋರು ನೀವಲ್ವ
ಗಾಣಾದ ಎಣ್ಣೆ ನಿಮದಲ್ವ | ತಿಪಟೂರ
ಜಾಣಾರು ತನ್ನಿ ಕೊಡಗಟ್ಲೆ || ಸೋ ||

ಭೂಮದ ಊಟದಲ್ಲಿ

ಹೆಣ್ಣು ಗಂಡು, ಬೀಗರು ಒಟ್ಟಿಗೆ ಕೂತು ಒಬ್ಬಟ್ಟು ಬಡಿಸಿದ ಮೇಲೆ. ಇಲ್ಲಿ 3 ಪದ ಸಾಕು. ಉಣ್ಣೋರನ್ನ ಬಹಳ ಹೊತ್ತು ನಗಿಸಿದರೆ ಗಂಟಲಿಗೆ ಸಿಕ್ಕುತ್ತದೆ.

ಭೂಮಾದ ಊಟಾಕೆ ಬೀಗಾರು ಕುಂತವ್ರೆ
ನೇಮಾದಿ ಎಂಟು ಒಬ್ಬಟ್ಟು | ಇಳಿಸವ್ರೆ
ರಾಮಾ ಅನ್ನೋದೆ ಮರೆತವ್ರೆ || ಸೋ ||

ತುಪ್ಪಾವ ಬಡಿಸಿದ್ರೆ ಸಾಕೆನ್ನ ಬೀಗಪ್ಪ
ಉಪ್ಪೀಗು ದೊನ್ನೆ ಚಾಚವ್ನೆ | ಅಡಿಗ್ಯೋನು
ಹಪ್ಪಳದ ಬುಟ್ಟಿ ಬಚ್ಚಿಟ್ಟ || ಸೋ ||

ಅತ್ತೆವ್ವ ತುತ್ತಿಡು ಸೊಸೆಯಾ ಬಾಯೀಗೆ
ಮುತ್ತೀನಂಗಿರಲಿ ಮಾತೆಲ್ಲ | ನಾಳಿಂದ
ಹೊತ್ಗ್ ಮುಂಚೆ ಅವಳ ಎಬ್ಸ್ಬ್ಯಾಡ || ಸೋ ||

ಮೂರನೆಯದನ್ನ ಮೆಲ್ಲಗೆ ಹೇಳಿ. ಅತ್ತೆ ತುತ್ತಿಡೋ ತನಕ ‘ಅತ್ತೆವ್ವ ತುತ್ತಿಡು’ ಅನ್ನೋ ಮಾತನ್ನೇ ತಿರುಗಿಸುತ್ತಿರಿ.

ಹರಸೋ ಪದ

ಇದನ್ನ ಹೇಳದೆ ಎದ್ದು ಹೋಗಬಾರದು. ಜರಿದ ಬಾಯಲ್ಲೇ ಹರಸಬೇಕು. ಹೇಳಿಕೊಡೋರು ಎದ್ದು ನಿಂತು, ಬೀಗಿತ್ತಿಗೆ ಅರಿಶಿನ ಕುಂಕುಮ ಕೊಟ್ಟು ಶುರು ಮಾಡಬೇಕು. ರಾಗ ಅದೇ, ನಡೆ ಮಾತ್ರ ಅರ್ಧಕ್ಕೆ ಇಳಿಸಿ. ಕೊನೇ ಪದಕ್ಕೆ ‘ಸೋ’ ಇಲ್ಲ, ಅದು ಮುಗಿದಂಗೇ ಆರತಿ ಎತ್ತಬೇಕು.

ನಕ್ಕೀವಿ ಆಡೀವಿ ಮನಸೀಗೆ ತರಬ್ಯಾಡಿ
ಅಕ್ಕಾರೆ ಐತೆ ನಿಮ್ ಮ್ಯಾಲೆ | ಅದಕೇಯ
ಚಿಕ್ಕೋಳ ನಿಮಗೆ ಕೊಟ್ಟೀವಿ || ಸೋ ||

ತೋಟಾದ ಮರಗೋಳು ಗೊನೆಗೊನೆ ಹಿಡಿಯಾಲಿ
ಕಾಟ ರೋಗಾವು ಬರದಿರಲಿ | ತಿಪಟೂರ
ಪ್ಯಾಟ್ಯಾಗೆ ಬೆಲೆಯು ಕುಣಿಯಾಲಿ || ಸೋ ||

ಬೇರೂರಿ ನಮ್ ಕೂಸು ನಿಮ್ಮನೆ ಬೆಳಗಾಲಿ
ನೀರೆರೆದು ನೋಡಿ ಬೀಗಿತ್ತಿ | ಸಸಿಯಂಗೆ
ತೌರೀನ ಮಣ್ಣ ಬಿಟ್ ಬಂದ್ಲು