ನಿದ್ದೆ ಯಾರ ಕೈಯಲ್ಲಿದೆ? ಒಂದು ಸಂವಾದ, ನಿರೂಪಕರ ಮಾತುಗಳಲ್ಲಿ

(ಸಂಜೆ 6.30. ವೇದಿಕೆಯ ಮೇಲೆ ನಾಲ್ಕು ಜನ ಅತಿಥಿಗಳು. ಇಲ್ಲಿರುವುದು ನಿರೂಪಕರ ಮಾತುಗಳು ಮಾತ್ರ. ಉಳಿದವರು ಮಾತನಾಡಿದ ಜಾಗವನ್ನು ಆವರಣದಲ್ಲಿ ಕೊಟ್ಟಿದೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಕೇಳಿಸುತ್ತಿದ್ದರೆ ಕೈ ಎತ್ತಿ. ಸರಿ, ಶುರು ಮಾಡೋಣ.

ಇವತ್ತಿನ ವಿಷಯ ನಿದ್ದೆ. "ಬೇಗ ಮಲಗಿ, ಬೇಗ ಏಳಿ" ಅನ್ನೋದು ನಮಗೆಲ್ಲ ಗೊತ್ತು. ಆ ಮಾತು ಇನ್ನೊಮ್ಮೆ ಹೇಳೋಕೆ ಇಷ್ಟು ಜನ ಸೇರಬೇಕಿಲ್ಲ. ಮಲಗುವ ಹೊತ್ತು ನಮ್ಮ ಕೈಯಲ್ಲೇ ಇಲ್ಲದಿದ್ದರೆ ಏನು ಮಾಡೋದು? ನಾನು ಕೇಳಬೇಕಿರುವುದು ಅದನ್ನು.

ಅತಿಥಿಗಳ ಹೆಸರು, ಪದವಿ ಎಲ್ಲ ಮೇಜಿನ ಮೇಲಿನ ಫಲಕದಲ್ಲಿದೆ. ಅದನ್ನು ಓದುತ್ತಾ ಅವರ ಸಮಯ ತಿನ್ನುವುದಿಲ್ಲ. ಅವರು ಯಾಕೆ ಇಲ್ಲಿದ್ದಾರೆ ಅಂತ ಮಾತ್ರ ಹೇಳುತ್ತೇನೆ. ನನ್ನ ಎಡಗಡೆ ಕೂತಿರುವ ಮೇಡಂ ನಿದ್ದೆಯ ತೊಂದರೆಗಳಿಗೇ ಚಿಕಿತ್ಸೆ ಕೊಡುವ ವೈದ್ಯೆ. ಅವರ ಪಕ್ಕದಲ್ಲಿರುವ ಸರ್ ದೇಹದ ಗಡಿಯಾರದ ಬಗ್ಗೆ ಸಂಶೋಧನೆ ಮಾಡುತ್ತಾರೆ. ಆಮೇಲೆ ನಮ್ಮ ಸಿಸ್ಟರ್. ತುರ್ತು ಚಿಕಿತ್ಸಾ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುತ್ತಾರೆ, ಇವತ್ತು 9 ಗಂಟೆಗೆ ಮತ್ತೆ ಡ್ಯೂಟಿ ಇದೆ. ಕೊನೆಯಲ್ಲಿ ಹೈಸ್ಕೂಲು ಮೇಷ್ಟ್ರು. ಮೊದಲ ಪೀರಿಯಡ್‌ನಲ್ಲಿ ತೂಕಡಿಸುವ ಮಕ್ಕಳನ್ನು ದಿನಾ ನೋಡುವವರು.

ಒಬ್ಬೊಬ್ಬರಿಗೆ 7 ನಿಮಿಷ. ಒಂದು ನಿಮಿಷ ಉಳಿದಾಗ ಹಳದಿ ಕಾರ್ಡ್ ತೋರಿಸುತ್ತೇನೆ, ಮುಗಿದಾಗ ಕೆಂಪು. ಕೆಂಪು ಬಂದ ಮೇಲೆ ಹೇಳುತ್ತಿರುವ ವಾಕ್ಯ ಮುಗಿಸಬಹುದು, ಹೊಸದು ಶುರು ಮಾಡಬಾರದು. ಎಲ್ಲರಿಗೂ ಮೊದಲೇ ತಿಳಿಸಿದ್ದೇನೆ, ಹಾಗಾಗಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ವಾ ಸರ್?

(ನಗು.)

ಮೇಡಂ, ನಿಮ್ಮಿಂದಲೇ ಶುರು. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅಂತ ಎಲ್ಲೆಡೆ ಓದುತ್ತೇವೆ. ಕೆಲವರು 5 ಗಂಟೆ ಮಲಗಿ "ನಂಗೇನೂ ಆಗಿಲ್ಲ" ಅನ್ನುತ್ತಾರಲ್ಲ, ಅವರಿಗೆ ಏನು ಹೇಳುತ್ತೀರಿ?

(ವೈದ್ಯೆಯ ಮಾತು, 7 ನಿಮಿಷ.)

ಥ್ಯಾಂಕ್ಸ್ ಮೇಡಂ, ಸಮಯಕ್ಕೆ ಸರಿಯಾಗಿ ಮುಗಿಸಿದಿರಿ. ನಿದ್ದೆಗೆಟ್ಟವರಿಗೆ ತಾವು ಎಷ್ಟು ಮಂಕಾಗಿದ್ದೇವೆ ಅನ್ನೋದೇ ಗೊತ್ತಾಗುವುದಿಲ್ಲ ಅಂದಿರಿ. ಆ ಮಾತನ್ನು ಸಿಸ್ಟರ್ ಸರದಿಯಲ್ಲಿ ಮತ್ತೆ ಎತ್ತಿಕೊಳ್ಳುತ್ತೇನೆ.

ಈಗ ಸರ್. ದೇಹದ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರೋಸ್‌ಬ್ಯಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ನೊಣದ ಕಥೆ ಚೆನ್ನಾಗಿದೆ. ಆದರೆ ನಮ್ಮ ಗಡಿಯಾರಕ್ಕೆ ಕೀಲಿ ಕೊಡುವುದು ಏನು? ಬೆಳಕಾ, ಊಟವಾ, ಅಭ್ಯಾಸವಾ?

(ಸಂಶೋಧಕರ ಮಾತು. 6ನೇ ನಿಮಿಷಕ್ಕೆ ಹಳದಿ, 7ಕ್ಕೆ ಕೆಂಪು. ಮಾತು ಮುಂದುವರಿಯಿತು.)

ಸರ್... ಸರ್, ಕ್ಷಮಿಸಿ, ಇಲ್ಲಿ ನಿಲ್ಲಿಸಬೇಕು. ಪ್ರೋಟೀನ್ ಹೆಸರುಗಳು ಇನ್ನೂ ಬಾಕಿ ಇವೆ ಅಂತ ಗೊತ್ತು. ಕುತೂಹಲ ಇದ್ದವರು ಆಮೇಲೆ ನಿಮ್ಮನ್ನು ಸುತ್ತುವರಿಯಲಿ. ಮುಖ್ಯವಾದದ್ದನ್ನು ಮತ್ತೊಮ್ಮೆ ಹೇಳಿಬಿಡುತ್ತೇನೆ: ಕಣ್ಣಿನಲ್ಲಿ ನೋಡುವುದಕ್ಕಲ್ಲದೆ ಹಗಲೋ ರಾತ್ರಿಯೋ ಅಂತ ಮೆದುಳಿಗೆ ತಿಳಿಸುವುದಕ್ಕೇ ಬೇರೆ ಕೋಶಗಳಿವೆ. ಸುಮಾರು 480 ನ್ಯಾನೋಮೀಟರ್‌ನ ನೀಲಿ ಬೆಳಕಿಗೆ ಅವು ಜಾಸ್ತಿ ಸ್ಪಂದಿಸುತ್ತವೆ. ನಾನು ಸರಿಯಾಗಿ ಹೇಳಿದೆನಾ? ಸರಿ.

ಸಿಸ್ಟರ್, ಇವರಿಬ್ಬರೂ ರಾತ್ರಿ ಕತ್ತಲಲ್ಲಿ ಮಲಗಿ ಅಂದರು. ನೀವು ರಾತ್ರಿಯಿಡೀ ಟ್ಯೂಬ್‌ಲೈಟ್ ಕೆಳಗೆ ನಿಂತಿರುತ್ತೀರಿ. ಈ ಸಲಹೆ ಕೇಳಿದಾಗ ನಿಮಗೆ ಏನನ್ನಿಸುತ್ತದೆ? ಮುಚ್ಚುಮರೆ ಇಲ್ಲದೆ ಹೇಳಿ.

(ಸಿಸ್ಟರ್ ಮಾತು, 5 ನಿಮಿಷ.)

ಇನ್ನೂ ಎರಡು ನಿಮಿಷ ಉಳಿದಿದೆ ಸಿಸ್ಟರ್. ಪಾಳಿ ಮುಗಿಸಿ ಗಾಡಿ ಓಡಿಸಿಕೊಂಡು ಮನೆಗೆ ಹೋಗುವಾಗ ಕಣ್ಣು ಕೂರುತ್ತದೆ ಅಂದು ಮುಂದೆ ಹೋಗಿಬಿಟ್ಟಿರಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ?

(ಸಿಸ್ಟರ್ ಮುಂದುವರಿಸಿದರು. ಚಪ್ಪಾಳೆ.)

ಮೇಷ್ಟ್ರೇ, ನೀವು. ಹದಿಹರೆಯಕ್ಕೆ ಬಂದಾಗ ನಿದ್ದೆಯ ಹೊತ್ತೇ ತಡವಾಗುತ್ತದೆ, ಅದು ಬರೀ ಸೋಮಾರಿತನ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೆಚ್ಚಿನ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕಿಂತ ಮುಂಚೆ ತರಗತಿ ಶುರು ಮಾಡುವಂತಿಲ್ಲ ಅಂತ ಕಾನೂನೇ ಇದೆ. ಶಾಲೆ ತಡವಾಗಿ ತೆರೆದರೆ ಯಾರಿಗೆ ಕಷ್ಟ, ಅದನ್ನು ನಿಮ್ಮ ಬಾಯಿಂದ ಕೇಳಬೇಕು.

(ಮೇಷ್ಟ್ರ ಮಾತು, 7 ನಿಮಿಷ.)

ಹಾಗಾದರೆ ತಂದೆ ತಾಯಿಯ ಕೆಲಸದ ವೇಳೆ, ಬಸ್ಸು, ಆಟದ ಅಭ್ಯಾಸ ಎಲ್ಲವನ್ನೂ ಜೊತೆಗೇ ಸರಿಸಬೇಕು. ಮೇಡಂ, ನೀವು ತಲೆ ಅಲ್ಲಾಡಿಸುತ್ತಿದ್ದಿರಿ. ಒಪ್ಪಲಿಲ್ಲವಾ? ಒಂದು ನಿಮಿಷ, ಮೇಷ್ಟ್ರಿಗೇ ನೇರವಾಗಿ ಹೇಳಿ.

(ವೈದ್ಯೆ ಮತ್ತು ಮೇಷ್ಟ್ರ ನಡುವೆ ಚರ್ಚೆ.)

ಒಬ್ಬೊಬ್ಬರಾಗಿ, ದಯವಿಟ್ಟು. ಇಬ್ಬರ ದನಿಯೂ ಒಟ್ಟಿಗೆ ಬಂದರೆ ಹಿಂದಿನ ಸಾಲಿಗೆ ಏನೂ ಸಿಗುವುದಿಲ್ಲ. ಮೇಷ್ಟ್ರು ಮುಗಿಸಲಿ, ಆಮೇಲೆ ಮೇಡಂ.

ಸರಿ, ಇದು ಇವತ್ತು ತೀರ್ಮಾನವಾಗುವುದಿಲ್ಲ, ಆಗಲೂ ಬೇಕಿಲ್ಲ. ಈಗ ಸಭಿಕರ ಸರದಿ. ಅರ್ಧ ನಿಮಿಷದೊಳಗೆ ಒಂದೇ ಪ್ರಶ್ನೆ. ಯಾರಿಗೆ ಅಂತ ಮೊದಲೇ ಹೇಳಿ. "ನನ್ನದು ಪ್ರಶ್ನೆ ಅಲ್ಲ, ಅಭಿಪ್ರಾಯ" ಅನ್ನುವವರಿಗೆ ಹೊರಗೆ ಬೇಕಾದಷ್ಟು ಹೊತ್ತಿದೆ. ಮನೆಯವರಿಗೆ ಯಾವ ಮಾತ್ರೆ ಕೊಡಬೇಕು ಅನ್ನೋದನ್ನೂ ಇಲ್ಲಿ ಕೇಳಬೇಡಿ. ನೋಡದ ರೋಗಿಗೆ ಮೇಡಂ ಮಾತ್ರೆ ಹೇಳುವುದಿಲ್ಲ. ಮೈಕ್ ಹಿಡಿಯೋಕೆ ಮುಜುಗರ ಆದರೆ ಚೀಟಿ ಬರೆದು ಕೊಡಿ.

ಎರಡನೇ ಸಾಲಿನ ಅಮ್ಮ, ಹೇಳಿ.

(ಸಂಜೆ ಕಾಫಿ ಕುಡಿದರೆ ನಿದ್ದೆ ಕೆಡುತ್ತದೆಯೇ ಎಂಬ ಪ್ರಶ್ನೆ. ವೈದ್ಯೆಯ ಉತ್ತರ.)

ಅಂದರೆ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮುಂದಿನ ಪ್ರಶ್ನೆ, ಕಂಬದ ಪಕ್ಕದಲ್ಲಿರುವವರು.

(ದೀರ್ಘ ಮಾತು ಶುರುವಾಯಿತು.)

ಸರ್, ನಿಮ್ಮ ಅನುಭವ ಅರ್ಥವಾಗುತ್ತಿದೆ. ಹಗಲು ಮಲಗಿ ನಿದ್ದೆ ತುಂಬಿಸಿಕೊಳ್ಳಬಹುದಾ, ಇದೇ ತಾನೇ ನಿಮ್ಮ ಪ್ರಶ್ನೆ? ಮೈಕ್ ವಾಪಸ್ ಕೊಡಿ, ಸಿಸ್ಟರ್ ಉತ್ತರ ಹೇಳುತ್ತಾರೆ. ಇದು ಅವರಿಗೆ ಗೊತ್ತಿರುವಷ್ಟು ಇಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ.

(ಸಿಸ್ಟರ್ ಉತ್ತರ.)

ಇಲ್ಲೊಂದು ಚೀಟಿ ಇದೆ: "ರಾತ್ರಿ ಪಾಳಿಯಿಂದ ಕ್ಯಾನ್ಸರ್ ಬರುತ್ತದಂತೆ, ನಿಜವಾ?" ಇದು ಹೆದರಿಕೆ ಹುಟ್ಟಿಸುವ ವಿಷಯ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೋಗೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಇದನ್ನು "ಬಹುಶಃ ಕ್ಯಾನ್ಸರ್‌ಕಾರಕ" ಅನ್ನುವ ಗುಂಪಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಗುಂಪಿನಲ್ಲಿ ಇಟ್ಟಿತು. ಆದರೆ ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅನ್ನೋದನ್ನು. ಒಬ್ಬೊಬ್ಬರಿಗೆ ಅಪಾಯ ಎಷ್ಟು ಅಂತ ಅದು ಹೇಳುವುದಿಲ್ಲ. ಸರ್, ಉಳಿದದ್ದು ನೀವು ಹೇಳಿ. ಎರಡು ನಿಮಿಷ, ಪ್ರೋಟೀನ್ ಬೇಡ.

(ನಗು. ಸಂಶೋಧಕರ ಉತ್ತರ.)

ಬಾಗಿಲ ಹತ್ತಿರ ಆಗಿನಿಂದ ಒಬ್ಬ ಹುಡುಗಿ ಕೈ ಎತ್ತಿಕೊಂಡೇ ಇದ್ದಾಳೆ. ಮುಂದಿನ ಸಾಲಿನವರೇ, ನೀವು ಆಗಲೇ ಒಂದು ಕೇಳಿದ್ದೀರಿ, ಸ್ವಲ್ಪ ತಡೆಯಿರಿ. ಹೇಳಮ್ಮ.

("ಪರೀಕ್ಷೆ ಹಿಂದಿನ ರಾತ್ರಿ ಓದಬೇಕಾ, ಮಲಗಬೇಕಾ?")

ಮೇಷ್ಟ್ರೇ, ಇದು ನಿಮಗೇ. ಎಲ್ಲರೂ ಕೇಳುತ್ತಿದ್ದಾರೆ, ನೋಡಿಕೊಂಡು ಹೇಳಿ!

(ಮೇಷ್ಟ್ರ ಉತ್ತರ. ಚಪ್ಪಾಳೆ.)

ಗಂಟೆ 7.57. ಇನ್ನೂ ಹತ್ತಾರು ಚೀಟಿಗಳಿವೆ, ಆದರೆ ಇಲ್ಲಿಗೆ ನಿಲ್ಲಿಸುತ್ತೇನೆ. ನಾಲ್ವರೂ ಒಂದೊಂದೇ ವಾಕ್ಯದಲ್ಲಿ ಹೇಳಿ: ನಿದ್ದೆಗಾಗಿ ನಿಯಮವೊಂದನ್ನು ಬದಲಿಸುವ ಅಧಿಕಾರ ಕೈಗೆ ಬಂದರೆ ಏನು ಬದಲಿಸುತ್ತೀರಿ? ಸಿಸ್ಟರ್ ಮೊದಲು.

(ನಾಲ್ವರ ಉತ್ತರ.)

ಮೇಡಂ, ಸರ್, ಸಿಸ್ಟರ್, ಮೇಷ್ಟ್ರೇ, ನಿಮ್ಮೆಲ್ಲರಿಗೂ ವಂದನೆಗಳು. ಉಳಿದ ಚೀಟಿಗಳನ್ನು ಅತಿಥಿಗಳಿಗೆ ಕೊಡುತ್ತೇನೆ. ಉತ್ತರ ಬೇಕಿದ್ದವರು ಚೀಟಿಯ ಹಿಂದೆ ಹೆಸರು ಬರೆದು ಹೋಗಿ. ಸರ್ ಮತ್ತು ಮೇಷ್ಟ್ರು ಇನ್ನೂ ಹತ್ತು ನಿಮಿಷ ಇಲ್ಲೇ ಇರುತ್ತಾರೆ. ಸಿಸ್ಟರ್‌ಗೆ ಡ್ಯೂಟಿಗೆ ಹೊತ್ತಾಯಿತು, ಅವರಿಗೆ ದಾರಿ ಬಿಡಿ.